ಪದಚರ್ಚೆ: ರವಿಕೆಯ ‘ಸುಕ್ಕು’ ಬಿಗಿಯದ್ದೋ, ಸಡಿಲಿನದ್ದೋ?

ಪ್ರಶ್ನೆ, ಮೈಸೂರಿನಿಂದ

ಪುಣೆಯಲ್ಲಿರುವ ಮಗಳಿಗೆ ಇಲ್ಲಿಯೇ ರೇಷ್ಮೆ ರವಿಕೆ ಹೊಲಿಸಿ ಕಳುಹಿಸಿದ್ದೆ. ಅವಳು ತೊಟ್ಟುಕೊಂಡು ಕಳುಹಿಸಿದ ಫೋಟೋದಲ್ಲಿ ಕಂಕುಳಿನಿಂದ ಎದೆಯ ಕಡೆಗೆ ಓರೆಯಾಗಿ ಎರಡು ಮೂರು ಗೆರೆಗಳು ಕಾಣುತ್ತಿದ್ದವು. ರವಿಕೆ ಮರಳಿ ಬಂದಾಗ ‘ಎದೆಯ ಹತ್ತಿರ ಸುಕ್ಕು ಬರುತ್ತಿದೆ, ತೆಗೆಯಿರಿ’ ಎಂದು ದರ್ಜಿಗೆ ಚೀಟಿ ಬರೆದುಕೊಟ್ಟೆ. ಅವರು ಬಟ್ಟೆ ಹೆಚ್ಚಾಗಿದೆಯೆಂದು ತಿಳಿದು ಪಕ್ಕದ ಹೊಲಿಗೆಯನ್ನು ಇನ್ನಷ್ಟು ಒಳಕ್ಕೆ ಹಿಡಿದರು. ಈಗ ಹುಕ್ಕುಗಳ ನಡುವೆ ರವಿಕೆ ಬಾಯಿ ಬಿಡುತ್ತಿದೆ. ತಪ್ಪು ಅವರದಲ್ಲ, ನನ್ನ ಮಾತಿನದು ಎನಿಸುತ್ತದೆ. ಬಟ್ಟೆ ಸಾಲದೆ ಎಳೆದು ನಿಂತ ಗೆರೆಗೂ ಬಟ್ಟೆ ಹೆಚ್ಚಾಗಿ ಬಿದ್ದ ಮಡಿಕೆಗೂ ಕನ್ನಡದಲ್ಲಿ ಬೇರೆ ಬೇರೆ ಪದಗಳು ಬಳಕೆಯಲ್ಲಿವೆಯೇ?

ಶಿವಮೊಗ್ಗದಿಂದ

ನಮ್ಮಜ್ಜಿ ಮುಂದೆ ಗಂಟು ಕಟ್ಟಿಕೊಳ್ಳುವುದನ್ನು ಕುಪ್ಪಸವೆಂದೂ ಹುಕ್ಕು ಇರುವುದನ್ನು ಮಾತ್ರ ರವಿಕೆಯೆಂದೂ ಕರೆಯುತ್ತಿದ್ದರು. ಆದ್ದರಿಂದ ತಾವು ಬಳಸಿರುವ ‘ರವಿಕೆ’ ಸರಿಯಾಗಿಯೇ ಇದೆ.

ಬೆಂಗಳೂರಿನಿಂದ

ಪ್ರಶ್ನೆ ಅದಲ್ಲವೆಂದು ಕಾಣುತ್ತದೆ. ಮುದುಕರ ಚರ್ಮಕ್ಕೆ ಸುಕ್ಕು ಎನ್ನುತ್ತೇವಲ್ಲ, ಅಲ್ಲಿರುವುದು ಸಡಿಲಾದದ್ದು ಎಂಬ ಭಾವ. ದರ್ಜಿ ಗ್ರಹಿಸಿದ್ದೂ ಅದನ್ನೇ. ಬಿಗಿಗೆ ‘ಸೆಳೆತ’, ಸಡಿಲಿಗೆ ‘ನೆರಿಗೆ’ ಎಂದು ಇಟ್ಟುಕೊಳ್ಳಬಹುದು. ಗುರುತಿಸುವುದೂ ಸುಲಭ: ಅಡ್ಡ ಗೆರೆ ಬಿಗಿಯದ್ದು, ಉದ್ದ ಗೆರೆ ಸಡಿಲಿನದ್ದು.

ಧಾರವಾಡದಿಂದ

ಮೂವತ್ತು ವರ್ಷಗಳಿಂದ ಜಂಪರ್ ಹೊಲಿಯುತ್ತಿದ್ದೇನೆ. ‘ಸೆಳೆತ’ವನ್ನು ಒಪ್ಪುತ್ತೇನೆ, ‘ನೆರಿಗೆ’ಯನ್ನು ಒಪ್ಪಲಾರೆ, ಏಕೆಂದರೆ ನೆರಿಗೆ ನಾವು ಬೇಕೆಂದೇ ಇಡುವಂಥದ್ದು, ನೆರಿಗೆ ಇದೆ ಎಂದು ಬರೆದರೆ ನಮ್ಮಂಥವರು ಅದನ್ನು ಹುಡುಕುತ್ತ ಕೂರುತ್ತೇವೆ. ನಮ್ಮಲ್ಲಿ ಬಿಗಿಯಾದರೆ ‘ಎಳೀತದ’ ಎನ್ನುತ್ತಾರೆ, ಸಡಿಲಾದರೆ ‘ಜೋಲು ಬಿದ್ದದ’ ಎನ್ನುತ್ತಾರೆ. ಅಡ್ಡ–ಉದ್ದದ ಲೆಕ್ಕ ಅರ್ಧ ಸತ್ಯವಷ್ಟೆ. ಬೆನ್ನಿನ ಉದ್ದ ಹೆಚ್ಚಾದರೆ ಸೊಂಟದ ಮೇಲೆ ಬೀಳುವ ಮಡಿಕೆಯೂ ಅಡ್ಡವೇ. ಆದರೆ ಅದು ಮೆತ್ತಗೆ ಬಾಗಿ ಕೂತಿರುತ್ತದೆ, ಬೆರಳಲ್ಲಿ ಹಿಡಿದರೆ ಕೈಗೆ ಬರುತ್ತದೆ. ಎಳೆತದ ಗೆರೆ ದಾರ ಕಟ್ಟಿದಂತೆ ನೇರವಾಗಿ ನಿಂತು, ಬಿಗಿ ಎಲ್ಲಿದೆಯೋ ಅತ್ತ ಬೊಟ್ಟು ಮಾಡುತ್ತದೆ. ನಿಮ್ಮ ಮಗಳ ಗೆರೆಗಳು ಎದೆಯ ತುದಿಯಲ್ಲಿ ಸೇರುತ್ತಿದ್ದರೆ ಬಟ್ಟೆ ಸಾಲದಿರುವುದು ಅಲ್ಲಿಯೇ.

ಆದರೆ ಆ ಫೋಟೋವನ್ನು ಅವಳೇ ಕೈ ಎತ್ತಿ ತೆಗೆದುಕೊಂಡಿದ್ದರೆ ನಂಬಬೇಡಿ. ಎತ್ತಿದ ಕೈಯೇ ಕಂಕುಳಿನಿಂದ ಗೆರೆ ಎಳೆಯುತ್ತದೆ. ಬೇರೆಯವರು ಎದೆಯ ಮಟ್ಟದಲ್ಲಿ ಫೋನ್ ಹಿಡಿದು, ಕೈಗಳು ಇಳಿಬಿದ್ದಿರುವಾಗ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ತೆಗೆಯಲಿ. ಸೆರಗು ಬೇಡ.

ಚೀಟಿಯಲ್ಲಿ ಇನ್ನೆರಡು ಮಾತುಗಳು ಕೈಕೊಡುತ್ತವೆ. ‘ಎಡ’ ಎಂದರೆ ತೊಟ್ಟವಳ ಎಡವೋ ನೋಡುವವರ ಎಡವೋ ತಿಳಿಯುವುದಿಲ್ಲ, ಕನ್ನಡಿಯ ಫೋಟೋದಲ್ಲಂತೂ ಅದು ಅದಲುಬದಲು. ಮುಂದೆ ಹುಕ್ಕಿರುವ ರವಿಕೆಗೆ ‘ಹುಕ್ಕಿನ ಪಟ್ಟಿಯ ಕಡೆ’, ‘ಕಾಜಾ ಪಟ್ಟಿಯ ಕಡೆ’ ಎಂದು ಬರೆದರೆ ಗೊಂದಲವಿಲ್ಲ. ಎರಡನೆಯದು ‘ಕಾಲು ಇಂಚು ಬಿಡಿಸಿ’ ಎಂಬುದು. ಪಕ್ಕದ ಹೊಲಿಗೆಯನ್ನು ಕಾಲು ಇಂಚು ಹೊರಕ್ಕೆ ಸರಿಸಿದರೆ ಮುಂದಿನ ಬಟ್ಟೆಗೆ ಕಾಲು, ಹಿಂದಿನದಕ್ಕೆ ಕಾಲು ಸೇರಿ ಒಂದು ಪಕ್ಕಕ್ಕೆ ಅರ್ಧ ಇಂಚು, ಎರಡೂ ಪಕ್ಕ ಸೇರಿ ಒಂದು ಇಂಚು ಹೆಚ್ಚುತ್ತದೆ. ಆದ್ದರಿಂದ ಒಟ್ಟು ಸುತ್ತಳತೆ ಎಷ್ಟು ಹೆಚ್ಚಬೇಕೆಂದು ಬರೆಯಿರಿ, ಹಂಚುವ ಕೆಲಸ ದರ್ಜಿಯದು. ರೇಷ್ಮೆಯಾದ್ದರಿಂದ ಹಳೆಯ ಹೊಲಿಗೆಯ ಸೂಜಿಗುರುತು ಉಳಿಯಬಹುದು. ಕಂಕುಳ ಕೆಳಗೆ ಅದು ಅಷ್ಟಾಗಿ ಕಾಣುವುದಿಲ್ಲ.

ಮೈಸೂರಿನಿಂದ ಮತ್ತೆ

ಮೊದಲ ಫೋಟೋ ಅವಳೇ ಕೈ ಎತ್ತಿ ತೆಗೆದದ್ದೇ ಆಗಿತ್ತು. ರವಿಕೆಯನ್ನು ಮತ್ತೆ ಕಳುಹಿಸಿ, ಅಳಿಯಂದಿರಿಂದ ತೆಗೆಸಿ ನೋಡಿದರೆ ಓರೆ ಗೆರೆಗಳಲ್ಲಿ ಒಂದು ಮಾಯವಾಗಿದೆ, ಎರಡು ಎದೆಯ ತುದಿಯಲ್ಲಿಯೇ ಸೇರುತ್ತಿವೆ. ಬೆನ್ನಿನ ಮಡಿಕೆ ಮಾತ್ರ ಮೆತ್ತಗಿದೆ. ಈ ಬಾರಿಯ ಚೀಟಿ ಹೀಗಿದೆ: ‘ಎದೆಯಲ್ಲಿ ಬಟ್ಟೆ ಸಾಲದೆ ಎಳೆಯುತ್ತಿದೆ, ಒಟ್ಟು ಸುತ್ತಳತೆ ಒಂದು ಇಂಚು ಹೆಚ್ಚಲಿ. ತೋಳು ಸರಿಯಿದೆ, ಕಂಕುಳಲ್ಲಿ ಬಿಡಿಸಿದ್ದನ್ನು ತೋಳಿನ ಹಳೆಯ ಹೊಲಿಗೆಗೆ ಸೇರಿಸಿಕೊಳ್ಳಿ. ಬೆನ್ನಿನಲ್ಲಿ ಸೊಂಟದ ಮೇಲೆ ಜೋಲು ಬಿದ್ದಿದೆ, ಉದ್ದ ನೋಡಿ.’

ದರ್ಜಿ ಓದಿ, ಒಳಗೆ ಬಟ್ಟೆ ಬಿಟ್ಟಿದ್ದೇನೆ, ಆಗುತ್ತದೆ ಎಂದರು. ಇನ್ನೊಂದು ದೂರು ಉಳಿದಿದೆ: ಕೈ ಎತ್ತಿದರೆ ರವಿಕೆಯೇ ಮೇಲೇರುತ್ತದೆ. ಕಂಕುಳ ಸುತ್ತು ಬಿಗಿ ಎಂದು ನಾನು ಬರೆಯಲು ಹೊರಟಿದ್ದೆ. ಅವರು ಅಲ್ಲಿ ಸುತ್ತು ಬಹಳ ಕೆಳಕ್ಕೆ ಇಳಿದಿದೆ, ಕತ್ತರಿಸಿದ ಬಟ್ಟೆಯನ್ನು ಮತ್ತೆ ಏರಿಸಲಾಗದು ಎನ್ನುತ್ತಾರೆ. ಬಿಗಿಯಂತೆ ಅನಿಸುವ ಈ ಇಳಿತಕ್ಕೆ ಯಾರ ಊರಿನಲ್ಲಾದರೂ ಒಂದೇ ಪದವಿದೆಯೇ?

ಬೆಂಗಳೂರಿನಿಂದ

‘ನೆರಿಗೆ’ಯನ್ನು ಬಿಟ್ಟುಕೊಡುತ್ತೇನೆ. ಆದರೆ ‘ಜೋಲು’ ಬರಹದಲ್ಲಿ ನಿಲ್ಲುವುದೇ ಎಂಬ ಅನುಮಾನ ನನಗೆ ಹೋಗಿಲ್ಲ.