ಮೊತ್ತ ತಾಳೆ ಆಗಿದೆ, ಆದರೆ ಒಬ್ಬರು ಜಾಸ್ತಿ ಫೇಲ್

ಹೈಸ್ಕೂಲ್ ಟೀಚರ್: ಸರ್, ಹಳೇ ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯನ್ನು ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಓದುವ ಓಸಿಆರ್ ಹಾಕಿ ಎಕ್ಸೆಲ್‌ಗೆ ತಂದಿದ್ದೇನೆ. 42 ಮಕ್ಕಳು. ಎಲ್ಲರ ಮೊತ್ತವೂ ತಾಳೆ ಆಗಿದೆ. ಆದರೆ ಫೇಲ್ ಆದವರು ಒಬ್ಬರು ಜಾಸ್ತಿ ಬರುತ್ತಿದ್ದಾರೆ. ಯಾಕೆ?

ಡೇಟಾ ಎಂಟ್ರಿ ಸರ್: ಕಾಗದದಲ್ಲಿ ಪಾಸ್, ಎಕ್ಸೆಲ್‌ನಲ್ಲಿ ಫೇಲ್ ಇರುವ ಸಾಲು ಹಾಕಿ ಮೇಡಂ.

ಹೈಸ್ಕೂಲ್ ಟೀಚರ್: 104, 61, 78, 33, 52, 67. ಮೊತ್ತ 395.

ಡೇಟಾ ಎಂಟ್ರಿ ಸರ್: ಡಾಟ್ ಮ್ಯಾಟ್ರಿಕ್ಸ್ ಪ್ರಿಂಟ್ ಅಲ್ವಾ? ಶಾಯಿ ಮಸುಕಾದರೆ 8ರ ಎಡಭಾಗ ಅಳಿಸಿ 3 ಆಗುತ್ತದೆ. ಕಲೆ ಬಿದ್ದರೆ 3 ಹೋಗಿ 8 ಆಗುತ್ತದೆ. ಕಾಗದ ನೋಡಿ, ಹಿಂದಿ 73, ಗಣಿತ 38 ಇರಬಹುದು. ಒಂದು ಕಡೆ 5 ಏರಿದೆ, ಇನ್ನೊಂದು ಕಡೆ 5 ಇಳಿದಿದೆ. ಮೊತ್ತ ಅಲ್ಲಾಡಿಲ್ಲ. ಆಗಿನ ಪಾಸ್ ಅಂಕ 35 ದಾಟಿದ ಮಗು ಫೇಲ್ ಆಗಿಬಿಟ್ಟಿದೆ.

C ಇಂದ H ವರೆಗೆ ವಿಷಯಗಳು, I ನಲ್ಲಿ ಕಾಗದದ ಮೊತ್ತ ಇದ್ದರೆ ಎರಡು ಕಾಲಂ ಸೇರಿಸಿ:

```
=SUM(C2:H2)-I2
=COUNTIF(D2:H2,"<35")
```

ಮೊದಲನೆಯದು ಸೊನ್ನೆ ಬರಬೇಕು. ಪಾಸ್ ಆದವರಿಗೆ ಎರಡನೆಯದೂ ಸೊನ್ನೆ. ಈ ಹಳೇ ಪಟ್ಟಿಯಲ್ಲಿ ಮೊದಲ ಭಾಷೆಗೆ 125 ಅಂಕ, ಅದಕ್ಕೇ C ಬಿಟ್ಟಿದ್ದೇನೆ, ಅದನ್ನು ಬೇರೆಯಾಗಿ ನೋಡಿ. ಆದರೆ 73, 68 ಇದ್ದದ್ದು 78, 63 ಆದರೆ ಇವೆರಡೂ ಹಿಡಿಯಲ್ಲ. ಒಬ್ಬರು ಕಾಗದ ಓದಬೇಕು, ಇನ್ನೊಬ್ಬರು ಪರದೆ ನೋಡಬೇಕು.

ಹೈಸ್ಕೂಲ್ ಟೀಚರ್: ನಿಜ ಸರ್! 73, 38 ಇದೆ.

ಆಫೀಸ್ ಕ್ಲರ್ಕ್: ಮೊತ್ತ ಸರಿ ಇದ್ರೆ ಸಾಕು. ಗ್ರೂಪಲ್ಲಿ ಬಂದ ಟಿಪ್ಸ್ ಹಾಕ್ತೀನಿ: ರಿಪ್ಲೇಸ್ ಆಲ್ ಕೊಟ್ಟು ಎಲ್ಲಾ O ಅನ್ನು 0, S ಅನ್ನು 5 ಮಾಡಿ.

ಡೇಟಾ ಎಂಟ್ರಿ ಸರ್: ದಯವಿಟ್ಟು ಮಾಡಬೇಡಿ. ಇಡೀ ಶೀಟ್‌ಗೆ ಕೊಟ್ಟರೆ SUMA ಅನ್ನೋ ಹೆಸರು 5UMA ಆಗುತ್ತದೆ. ಅಂಕಗಳ ಕಾಲಂ ಮಾತ್ರ ಆರಿಸಿಕೊಂಡು ಮಾಡಿದರೂ, ಬದಲಾದ ಪ್ರತಿ ಅಂಕವನ್ನು ಕಾಗದದ ಜೊತೆ ನೋಡಲೇಬೇಕು. ಫಾರ್ವರ್ಡ್ ಮಾಡುವ ಮುಂಚೆ ಒಂದು ಶೀಟ್ ಮೇಲೆ ಪ್ರಯತ್ನಿಸಿ.

ಟ್ಯೂಷನ್ ಅಣ್ಣ: ನನ್ನ ಪಟ್ಟಿಯಲ್ಲಿ ಒಬ್ಬರಿಗೆ ವಿಜ್ಞಾನಕ್ಕೆ ಗೈರು ಅಂತ AB ಇತ್ತು. ಓಸಿಆರ್ ಅದನ್ನು ಬಿಟ್ಟು ಸಮಾಜದ 67 ಅನ್ನು ವಿಜ್ಞಾನಕ್ಕೆ ತಳ್ಳಿತ್ತು. ಮೊತ್ತ ಸರಿ!

ಡೇಟಾ ಎಂಟ್ರಿ ಸರ್: ಒಳ್ಳೇ ಉದಾಹರಣೆ. `=COUNTA(C2:H2)` ಹಾಕಿ. 6 ಇಲ್ಲದ ಸಾಲು ನೋಡಿ.

ಆಫೀಸ್ ಕ್ಲರ್ಕ್: 42 ಸಾಲಿಗೆ ಇಷ್ಟು ಕಷ್ಟ ಯಾಕೆ? ಸುಮ್ನೆ ಟೈಪ್ ಮಾಡಬಹುದಿತ್ತು.

ಟ್ಯೂಷನ್ ಅಣ್ಣ: ಟೈಪ್ ಮಾಡಿದರೆ ತಪ್ಪು ಆಗಲ್ವಾ? ಮೊನ್ನೆ ನೀವೇ ಕಳಿಸಿದ ಪಟ್ಟಿಯಲ್ಲಿ ಎರಡು ಸಾಲು ಅದಲುಬದಲಾಗಿತ್ತು.

ಆಫೀಸ್ ಕ್ಲರ್ಕ್: ಅದು ಬೇರೆ ವಿಷಯ. ಇಲ್ಲಿ ತೆಗೆಯಬೇಡಿ.

ಹೊಸ ಸದಸ್ಯ: ಓಸಿಆರ್‌ಗೆ ಫ್ರೀ ಆ್ಯಪ್ ಯಾವುದು?

ಡೇಟಾ ಎಂಟ್ರಿ ಸರ್: ಮೂರನೇ ಸಲ ಕೇಳುತ್ತಿದ್ದಾರೆ. ಆ್ಯಪ್ ಯಾವುದಾದರೂ ಆಗಲಿ, 300 ಡಿಪಿಐನಲ್ಲಿ ನೆಟ್ಟಗೆ ಸ್ಕ್ಯಾನ್ ಮಾಡಿ. ಫೋನ್‌ನಲ್ಲಿ ಓರೆಯಾಗಿ ತೆಗೆದ ಫೋಟೊ ಬೇಡ.

ಲೈಬ್ರರಿ ಮೇಡಂ: ನುಡಿಯಲ್ಲಿ ಟೈಪ್ ಮಾಡಿದ ಹೆಸರುಗಳು ಕಾಪಿ ಮಾಡಿದಾಗ ಇಂಗ್ಲಿಷ್ ಅಕ್ಷರ ಬರುತ್ತಿವೆ, ಏನು ಮಾಡಲಿ?

ಟ್ಯೂಷನ್ ಅಣ್ಣ: ಕ್ಲರ್ಕ್ ಸರ್, ಆ ಪಟ್ಟಿ ತಿದ್ದಿ ಕಳಿಸಿದ್ರಾ?