ಕಟ್ಟುವಾಗಿನ ಬಡ್ಡಿ, ಐದು ಕಂತು ಮತ್ತು ಎರಡು ಲಕ್ಷದ ಮಿತಿ

ಮಂಜುನಾಥ, ಬೆಂಗಳೂರು: ಕೆಂಗೇರಿ ಕಡೆ ಫ್ಲಾಟ್‌ಗೆ 2022ರ ಅಕ್ಟೋಬರ್‌ನಲ್ಲಿ 42 ಲಕ್ಷ ಸಾಲ ತಗೊಂಡ್ವಿ. ಸಾಲ, ಸೇಲ್ ಡೀಡ್ ಎರಡರಲ್ಲೂ ನಂದು, ನಮ್ಮ ಮನೆಯವರದ್ದು ಇಬ್ಬರ ಹೆಸರೂ ಇದೆ, ಅರ್ಧ-ಅರ್ಧ. 2024ರ ಮಾರ್ಚ್‌ನಲ್ಲಿ ಇಂಟೀರಿಯರ್ ಕೆಲಸಕ್ಕೆ ಅಂತ ಬಿಲ್ಡರ್ ಕೀ ಕೊಟ್ಟರು. ವಾಸಕ್ಕೆ ಅನುಮತಿ ಕೊಡೋ ಓಸಿ ಬಂದದ್ದು ಡಿಸೆಂಬರ್‌ನಲ್ಲಿ, ರಿಜಿಸ್ಟ್ರೇಷನ್ ಆಗಿದ್ದು 2025ರ ಜನವರಿಯಲ್ಲಿ. ಈಗ ಅಲ್ಲೇ ಇದ್ದೀವಿ. ಬಡ್ಡಿ 2022-23ರಲ್ಲಿ 60 ಸಾವಿರ, 2023-24ರಲ್ಲಿ 2.40 ಲಕ್ಷ, 2024-25ರಲ್ಲಿ 3.20 ಲಕ್ಷ. 2024-25ರ ರಿಟರ್ನ್‌ನಲ್ಲಿ, ಮನೆ ಕಟ್ಟುವಾಗಿನ ಹಳೇ ಬಡ್ಡಿ ಎಷ್ಟು ಹಾಕಬಹುದು? ಹಾಕಿದವರು ದಯವಿಟ್ಟು ಹೇಳಿ.

ರಾಘು: ಸುಲಭ ಸರ್. ಓಸಿ ಬರೋ ದಿನದವರೆಗಿನ ಬಡ್ಡಿನೆಲ್ಲ ಕೂಡಿಸಿ ಐದರಿಂದ ಭಾಗಿಸಿ, ವರ್ಷಕ್ಕೊಂದು ಕಂತು ಹಾಕ್ತಾ ಹೋಗಿ. ಅದು ವರ್ಷದ ಬಡ್ಡಿಗಿರೋ ಎರಡು ಲಕ್ಷದ ಮಿತಿ ಮೇಲೆ ಎಕ್ಸ್‌ಟ್ರಾ. ನಾನು ಹಾಗೇ ಹಾಕಿದ್ದೆ, ರೀಫಂಡೂ ಬಂತು.

ವಿಜಯಲಕ್ಷ್ಮಿ, ತೆರಿಗೆ ಸಲಹೆಗಾರ್ತಿ, ಮೈಸೂರು: ರಾಘು ಅವರೇ, ಐದು ಸಮ ಕಂತು ಅನ್ನೋದು ಸರಿ, ಉಳಿದ ಎರಡೂ ತಪ್ಪು.

ಮೊದಲನೆಯದು ಅವಧಿ. ಓಸಿ ದಿನಕ್ಕೆ ಲೆಕ್ಕ ನಿಲ್ಲಲ್ಲ. ಮನೆ ಯಾವ ಹಣಕಾಸು ವರ್ಷದಲ್ಲಿ ಪೂರ್ತಿ ಆಯ್ತೋ ಅದರ ಹಿಂದಿನ ಮಾರ್ಚ್ 31ಕ್ಕೆ ನಿಲ್ಲುತ್ತೆ. ಮಂಜುನಾಥ್ ಅವರ ಮನೆ 2024-25ರಲ್ಲಿ ಪೂರ್ತಿ ಆಯ್ತು ಅಂತ ಇಟ್ಕೊಂಡರೆ, ಹಳೇ ಬಡ್ಡಿ ಅಂದ್ರೆ 2024ರ ಮಾರ್ಚ್ 31ರವರೆಗಿನದು: 60 ಸಾವಿರ ಮತ್ತು 2.40 ಲಕ್ಷ ಸೇರಿ 3 ಲಕ್ಷ. ವರ್ಷಕ್ಕೆ 60 ಸಾವಿರದ ಕಂತು. ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಕಟ್ಟಿದ ಬಡ್ಡಿ, ಆಗ ಮನೆ ಮುಗಿದಿರಲಿಲ್ಲ ಅಂದ್ರೂ, ಆ ವರ್ಷದ ಬಡ್ಡಿಯೇ. ಅದನ್ನ ಒಡೆದು ಐದು ಕಂತಿಗೆ ಸೇರಿಸಿದರೆ ನಿಮಗೇ ನಷ್ಟ.

ಎರಡನೆಯದು ಮಿತಿ. ಸ್ವಂತ ವಾಸದ ಮನೆಗೆ ಆ ವರ್ಷದ ಬಡ್ಡಿ, ಹಳೇ ಕಂತು ಎರಡೂ ಸೇರಿಯೇ ಒಬ್ಬರಿಗೆ ಎರಡು ಲಕ್ಷ. ಇದೇ ಸಾಲ ಮಂಜುನಾಥ್ ಒಬ್ಬರದ್ದೇ ಆಗಿದ್ದಿದ್ದರೆ ಆ ವರ್ಷದ 3.20 ಲಕ್ಷವೇ ಮಿತಿ ದಾಟುತ್ತಿತ್ತು, 60 ಸಾವಿರದ ಕಂತಿಗೆ ಒಂದು ಪೈಸೆ ಬೆಲೆಯೂ ಇರ್ತಿರಲಿಲ್ಲ. ಮುಂದಿನ ವರ್ಷಕ್ಕೆ ಒಯ್ಯೋಕೂ ಬರಲ್ಲ, ಆ ವರ್ಷದ ಕಂತು ಆ ವರ್ಷಕ್ಕೇ ಮುಗೀತು. ಇಬ್ಬರಿರೋದರಿಂದ ಬಚಾವ್. ಒಬ್ಬೊಬ್ಬರಿಗೆ 1.60 ಲಕ್ಷ ಮತ್ತು ಕಂತಿನ ಅರ್ಧ 30 ಸಾವಿರ, ಒಟ್ಟು 1.90 ಲಕ್ಷ. ಮಿತಿಯೊಳಗೇ ಕೂತಿತು.

ನಿಮಗೆ ರೀಫಂಡ್ ಬಂದಿದೆ ಅಂದ್ರೆ ನಿಮ್ಮ ಒಟ್ಟು ಮೊತ್ತ ಎರಡು ಲಕ್ಷದೊಳಗೆ ಇದ್ದಿರಬೇಕು ರಾಘು, ಒಮ್ಮೆ ತೆಗೆದು ನೋಡಿ.

ಬಸವರಾಜ, ದಾವಣಗೆರೆ: ಮೇಡಂ ಹೇಳೋದು ನಂಗೆ ಯಾಕೋ ಸರಿ ಅನ್ನಿಸ್ತಿಲ್ರಿ. ನಾವು ವಿದ್ಯಾನಗರದಾಗ ಮನಿ ಕಟ್ಟಿಸಿ ಬಾಡಿಗೆ ಕೊಟ್ಟೀವಿ. ಮೂರೂವರೆ ಲಕ್ಷ ಬಡ್ಡಿ ಪೂರ್ತಿ ತೋರಿಸ್ತೀವಿ, ಕಂತೂ ಮ್ಯಾಲೆ ಹಾಕ್ತೀವಿ. ಯಾವ ಮಿತಿನೂ ಅಡ್ಡ ಬಂದಿಲ್ಲ.

ವಿಜಯಲಕ್ಷ್ಮಿ: ನಿಮ್ಮದು ಬಾಡಿಗೆ ಮನೆ ಬಸವರಾಜ್ ಅವರೇ, ಅಲ್ಲಿ ಬಡ್ಡಿಗೆ ಮಿತಿ ಇಲ್ಲ. ಬಾಡಿಗೆ ಕಳೆದು ಉಳಿಯೋ ನಷ್ಟದಲ್ಲಿ ಸಂಬಳದ ಎದುರು ವಜಾ ಮಾಡೋಕೆ ಮಾತ್ರ ಎರಡು ಲಕ್ಷದ ಗೆರೆ. ಮಂಜುನಾಥ್ ಅದೇ ಮನೆಯಲ್ಲಿ ವಾಸ ಇದ್ದಾರೆ, ಅವರದ್ದು ಬೇರೆ ಲೆಕ್ಕ.

ನಜ್ಮಾ: ಎಲ್ಲರೂ ಓಸಿ ಹಿಡ್ಕೊಂಡು ಕೂತಿದ್ದೀರಿ, ಕೀ ಸಿಕ್ಕಿದ್ದು ಮಾರ್ಚ್‌ನಲ್ಲಿ ಅಲ್ವಾ? ನಮ್ಮದೂ ಹೀಗೇ ಮಾರ್ಚ್‌ನಲ್ಲಿ ಕೀ, ಆಮೇಲೆ ಓಸಿ. ನಮ್ಮ ಆಡಿಟರ್ ಪೊಸೆಷನ್ ಲೆಟರ್ ತಾರೀಖೇ ಹಿಡಿದರು. ಅದರ ಪ್ರಕಾರ ಹೋದರೆ ಮಂಜುನಾಥ್ ಮನೆ 2023-24ರಲ್ಲೇ ಬಂತು, ಹಳೇ ಬಡ್ಡಿ ಬರೀ 60 ಸಾವಿರ, ಕಂತು 12 ಸಾವಿರ. 2.40 ಲಕ್ಷವನ್ನ ಹೋದ ವರ್ಷದ ರಿಟರ್ನ್‌ನಲ್ಲೇ ತೋರಿಸಬೇಕಿತ್ತು. ಅದನ್ನ ತಿದ್ದೋ ಗಡುವು 2025ರ ಜನವರಿ 15ಕ್ಕೇ ಮುಗಿದಿದೆ.

ಇನ್ನೊಂದು, ಸಾಲ ಬೇರೆ ಬ್ಯಾಂಕಿಗೆ ಬದಲಾಯಿಸೋ ಯೋಚನೆ ಇದ್ದರೆ ಹಿಂದಿನ ಎಲ್ಲ ವರ್ಷಗಳ ಬಡ್ಡಿ ಸರ್ಟಿಫಿಕೇಟ್ ಈಗಲೇ ಇಳಿಸಿಟ್ಟುಕೊಳ್ಳಿ. ನಾವು ಬದಲಾಯಿಸಿದ ಮೇಲೆ ಹಳೇ ಬ್ಯಾಂಕಿನ ಲಾಗಿನ್‌ನಲ್ಲಿ ಸಾಲದ ಖಾತೆಯೇ ಕಾಣಲಿಲ್ಲ. ಬ್ರಾಂಚಿಗೆ ಅರ್ಜಿ ಕೊಟ್ಟು, ಹಿಂದೆ ಬಿದ್ದು ತಗೋಬೇಕಾಯ್ತು. ಕೊಟ್ಟ ಕಾಗದದಲ್ಲಿ ಇಎಂಐ ಶುರುವಾಗೋ ಮುಂಚಿನ ಪ್ರೀ-ಇಎಂಐ ಬಡ್ಡಿ ಬೇರೆ, ಇಎಂಐ ಬಡ್ಡಿ ಬೇರೆ ಸಾಲಲ್ಲಿತ್ತು. ಎರಡನ್ನೂ ಕೂಡಿಸಬೇಕು, ನಮ್ಮ ಯಜಮಾನ್ರು ಬರೀ ಒಂದನ್ನೇ ನೋಡಿ ಕೂತಿದ್ದರು.

ವಿಜಯಲಕ್ಷ್ಮಿ: ಸರ್ಟಿಫಿಕೇಟ್ ಮಾತು ನೂರಕ್ಕೆ ನೂರು ನಿಜ. ಫಾರಂನಲ್ಲಿ ಈಗ ಬ್ಯಾಂಕಿನ ಹೆಸರು, ಸಾಲದ ಖಾತೆ ಸಂಖ್ಯೆ, ಮಂಜೂರಾದ ತಾರೀಖು, ಮಾರ್ಚ್ 31ಕ್ಕೆ ಬಾಕಿ ಎಲ್ಲ ಕೇಳ್ತಾರೆ.

ಆದರೆ ಕೀ ವಿಚಾರದಲ್ಲಿ ನಿಮ್ಮ ಆಡಿಟರ್ ಮಾತು ಒಪ್ಪೋದು ಕಷ್ಟ. ಬಡಗಿ ಒಳಗೆ ಬರಲಿ ಅಂತ ಕೀ ಕೊಟ್ಟರೆ ಮನೆ ಕೈಸೇರಿತು ಅಂತ ನಾನು ಹಿಡಿಯಲ್ಲ. ಓಸಿ, ಸೇಲ್ ಡೀಡ್ ಎರಡೂ 2024-25ರಲ್ಲಿವೆ, ನಾನಾದರೆ ಅದೇ ವರ್ಷ ಹಾಕ್ತೀನಿ. ಸಾಲ ತಗೊಂಡ ಹಣಕಾಸು ವರ್ಷ ಮುಗಿದ ಮೇಲೆ ಐದು ವರ್ಷದೊಳಗೆ, ಅಂದ್ರೆ ಇವರಿಗೆ 2028ರ ಮಾರ್ಚ್ ಒಳಗೆ, ಮುಗೀಬೇಕಿತ್ತು. ಆ ದೃಷ್ಟಿಯಿಂದ ಯಾವ ತಾರೀಖಾದರೂ ತೊಂದರೆ ಇಲ್ಲ. ಗಡುವು ಮೀರಿದ್ದಿದ್ದರೆ ಎರಡು ಲಕ್ಷ ಹೋಗಿ ಮೂವತ್ತೇ ಸಾವಿರ.

ಮಂಜುನಾಥ: ತುಂಬಾ ಥ್ಯಾಂಕ್ಸ್ ಮೇಡಂ. ಒಂದು ಮರೆತೆ. ನಮ್ಮ ಮನೆಯವರು ಖಾಸಗಿ ಶಾಲೆಯಲ್ಲಿ ಟೀಚರ್, ವರ್ಷಕ್ಕೆ ಏಳು ಲಕ್ಷ ಸಂಬಳ, ಹೊಸ ತೆರಿಗೆ ಪದ್ಧತಿಯಲ್ಲಿದ್ದಾರೆ. ಇಎಂಐ ಪೂರ್ತಿ ನನ್ನ ಖಾತೆಯಿಂದಲೇ ಹೋಗೋದು. ಅವರ ಪಾಲಿನ ಬಡ್ಡೀನೂ ನಾನೇ ಹಾಕಿಕೊಳ್ಳಬಹುದಾ?

ರಾಘು: ಕಟ್ಟಿದವರು ನೀವು, ಹಾಕಿಕೊಳ್ಳೋರೂ ನೀವೇ. ಇದರಲ್ಲಿ ಕೇಳೋದೇನಿದೆ?

ವಿಜಯಲಕ್ಷ್ಮಿ: ಇದಕ್ಕೆ ವಾದ ಎರಡೂ ಕಡೆ ಇದೆ. ಪಾಲು ಅರ್ಧ ಅಂತ ಡೀಡ್‌ನಲ್ಲಿ ಬರೆದಿದ್ದರೆ ಬಡ್ಡಿಯೂ ಅರ್ಧವೇ ಅನ್ನೋರು ಹೆಚ್ಚು, ಕಟ್ಟಿದವರದ್ದು ಅನ್ನೋರೂ ಇದ್ದಾರೆ. ಆದರೆ ನಿಮ್ಮ ಕೇಸಲ್ಲಿ ಆ ಜಗಳ ಎಷ್ಟು ದುಡ್ಡಿಗೆ ಅಂತ ನೋಡಿ. ಅರ್ಧ ಪಾಲಿಗೇ ನಿಮಗೆ 1.90 ಲಕ್ಷ ಬಂತು. ಪೂರ್ತಿ ನಿಮ್ಮದೇ ಅಂತ ಗೆದ್ದರೂ ಎರಡು ಲಕ್ಷಕ್ಕೆ ನಿಲ್ಲುತ್ತೆ. ಹತ್ತು ಸಾವಿರದ ಮೇಲಿನ ತೆರಿಗೆಗೋಸ್ಕರ ನೋಟಿಸ್ ಕರೆಸಿಕೊಳ್ಳೋದು ಬೇಡ.

ಮನೆಯವರಿಗೆ ಹೊಸ ಪದ್ಧತಿಯಲ್ಲಿ ಏಳು ಲಕ್ಷಕ್ಕೆ ಹೇಗೂ ತೆರಿಗೆ ಬೀಳಲ್ಲ, ಅವರ ಪಾಲಿನ ಬಡ್ಡಿ ಸುಮ್ಮನೆ ಹೋಗುತ್ತೆ. ಸ್ವಂತ ವಾಸದ ಮನೆ ಬಡ್ಡಿಗೆ ಆ ಪದ್ಧತಿಯಲ್ಲಿ ಜಾಗವೇ ಇಲ್ಲ. ನೀವು ಹಳೇ ಪದ್ಧತಿ ಆರಿಸೋ ಮುಂಚೆ ಎರಡೂ ಕಡೆ ತೆರಿಗೆ ಹಾಕಿ ನೋಡಿ. ಬಾಡಿಗೆ ಮನೆಯಲ್ಲಿದ್ದ ತಿಂಗಳುಗಳಿಗೆ ಎಚ್‌ಆರ್‌ಎ ಈ ಸಲ ಸಿಗುತ್ತೆ, ಮುಂದಿನ ವರ್ಷ ಅದೂ ಇರಲ್ಲ. ಆಗ ಬಡ್ಡಿ ಒಂದನ್ನೇ ನಂಬಿ ಹಳೇ ಪದ್ಧತಿಯಲ್ಲಿ ಉಳಿಯೋದು ಲಾಭವೋ ಅಲ್ವೋ ಮತ್ತೆ ಲೆಕ್ಕ ಹಾಕಬೇಕು. ಹಳೇ ಪದ್ಧತಿ ಬೇಕಾದರೆ ಗಡುವಿನೊಳಗೇ ರಿಟರ್ನ್ ಹಾಕಿ. ತಡವಾಗಿ ಹಾಕಿದರೆ ಆ ಆಯ್ಕೆ ಸಿಗಲ್ಲ.

ಮಂಜುನಾಥ: ಬಿಲ್ಡರ್ ಲೆಟರ್ ಈಗ ತೆಗೆದು ನೋಡಿದೆ. ಮೇಲೆ ಪೊಸೆಷನ್ ಅಂತಲೇ ಇದೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಒಳಾಂಗಣ ಕೆಲಸಕ್ಕೆ ಮಾತ್ರ, ಓಸಿ ಬರೋವರೆಗೆ ವಾಸ ಮಾಡುವಂತಿಲ್ಲ ಅಂತ ಬರೆದಿದ್ದಾರೆ.

ವಿಜಯಲಕ್ಷ್ಮಿ: ಆ ಸಾಲು ನಿಮ್ಮ ಪರವಾಗಿದೆ. ಸ್ಕ್ಯಾನ್ ಮಾಡಿ ಓಸಿ ಜೊತೆ ಇಟ್ಟುಕೊಳ್ಳಿ.

ನಜ್ಮಾ: ನಮ್ಮ ಲೆಟರ್‌ನಲ್ಲಿ ಆ ಥರ ಸಾಲಿರಲಿಲ್ಲ. ಅದಕ್ಕೇ ಆಡಿಟರ್ ಹಾಗಂದರೋ ಏನೋ, ಕೇಳ್ತೀನಿ.