ಮಹದಾಯಿ ಮೆರವಣಿಗೆಗೆ ಹಾಡು: ಜನ ಪಲ್ಲವಿ ಹಿಡಿಯುತ್ತಿಲ್ಲ

ನವಲಗುಂದದ ಹುಡುಗ: ಕಳಸಾ-ಬಂಡೂರಿ ಬಗ್ಗೆ ಹಾಡು ಬರೆದಿದ್ದೇನೆ. ಪಲ್ಲವಿ: ‘ಮಲಪ್ರಭೆಯ ಒಡಲು ಬತ್ತಿತು, ಮಹದಾಯಿ ನೀರು ನಮ್ಮ ಹಕ್ಕು’. ಮುಂದಿನ ಸಾಲಿನವರು ಹಾಡುತ್ತಾರೆ, ಹಿಂದಿನವರು ತಡವರಿಸುತ್ತಾರೆ. ಏನು ಮಾಡಲಿ?

ಗದಗ ಮಂದಿ: ದೊಡ್ಡ ಸ್ಪೀಕರ್ ಹಾಕಿ. ಕೇಳಿಸದಿದ್ದರೆ ಹಾಡೋದು ಹೇಗೆ?

ಹಲಗೆ ಅಣ್ಣ: ಸ್ಪೀಕರ್ ಬೇಕು, ಆದರೆ ಅದೊಂದೇ ಸಾಲದು. ಸದ್ದು ಎಷ್ಟು ಜೋರಿದ್ದರೂ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಹೋಗುತ್ತದೆ. 150 ಮೀಟರ್ ಹಿಂದಿರುವವರಿಗೆ ಹೆಚ್ಚುಕಮ್ಮಿ ಅರ್ಧ ಸೆಕೆಂಡು ತಡವಾಗಿ ಮುಟ್ಟುತ್ತದೆ. ಅವರು ಉತ್ತರ ಕೊಡುವಷ್ಟರಲ್ಲಿ ನೀವು ಮುಂದಿನ ಸಾಲು ಎತ್ತಿರುತ್ತೀರಿ. ಒಮ್ಮೆ ಬಾಲದಲ್ಲಿ ನಿಂತು ಕೇಳಿ. ಕೊನೆಯ ಪದ ‘ಹಕ್ಕು-ಕ್ಕು-ಕ್ಕು’ ಅಂತ ಕಲಸಿಹೋಗುತ್ತಿದ್ದರೆ ಇದೇ ಕಾರಣ.

ಹಲಗೆ ಬಾರಿಸುವವರನ್ನು ಮುಂದೆ ಬೇಡ, ಮೆರವಣಿಗೆಯ ನಡುವೆ ಇಡಿ. ದೂರ ಅರ್ಧವಾಗುತ್ತದೆ. ಜನ ಉತ್ತರ ಕೊಟ್ಟ ಮೇಲೆ ಹಲಗೆ ಮಾತ್ರ ನುಡಿಯಲಿ, ಆಮೇಲೆ ಮುಂದಿನ ಸಾಲು ಎತ್ತಿ.

ಪಲ್ಲವಿಯೂ ಉದ್ದವಾಯಿತು. ನಾಲ್ಕು ಮಾತ್ರೆಯ ಗಣ ಹೆಜ್ಜೆಗೆ ಒಪ್ಪುತ್ತದೆ. ಹೀಗೆ ನೋಡಿ:

ಕಾಲುವೆ ಒಣಗಿತು — *ನೀರನು ಹರಿಸಿ!*
ಕೆರೆಯೂ ಬತ್ತಿತು — *ನೀರನು ಹರಿಸಿ!*

‘ಹರಿಸಿ’ ಮೂರೇ ಮಾತ್ರೆ. ಆದರೆ ಜನ ಕೂಗುವಾಗ ‘ಹರಿಸೀ’ ಅಂತ ತಾವಾಗಿಯೇ ಎಳೆಯುತ್ತಾರೆ, ನಾಲ್ಕು ತುಂಬುತ್ತದೆ. ನಿಮ್ಮ ‘ಹಕ್ಕು’ ಒತ್ತಕ್ಷರದಲ್ಲಿ ತಡೆಯುತ್ತದೆ, ಅಷ್ಟು ಸಲೀಸಾಗಿ ಎಳೆಯಲು ಬರುವುದಿಲ್ಲ.

ಟ್ಯಾಂಕರ್ ಸಾಕಾಗಿದೆ: ನಮ್ಮ ಬೆಂಗಳೂರಿನ ಬಡಾವಣೆಯಲ್ಲೂ ಬೋರ್‌ವೆಲ್ ಬತ್ತಿದೆ. ಟ್ಯಾಂಕರ್ ದರದ ಮೇಲೂ ಒಂದು ಹಾಡು ಬರೆದುಕೊಡುತ್ತೀರಾ?

ಹಲಗೆ ಅಣ್ಣ: ಮೊದಲ ಅರ್ಧ ಬದಲಾಯಿಸಿಕೊಳ್ಳಿ, ಪಲ್ಲವಿ ಹಾಗೇ ಇರಲಿ. ಆದರೆ ಇಲ್ಲಿನ ಮಹದಾಯಿ ಜಗಳ ಬೇರೆ, ನಿಮ್ಮ ಟ್ಯಾಂಕರ್ ಜಗಳ ಬೇರೆ.

ಗದಗ ಮಂದಿ: ‘ಹರಿಸಿ’ ಅಂದರೆ ಬೇಡಿಕೊಂಡಂತೆ ಆಗಲ್ವಾ? 2018ರಲ್ಲಿ ನ್ಯಾಯಮಂಡಳಿ 13.42 ಟಿಎಂಸಿ ಕೊಟ್ಟಿದೆ. ಅಂಕಿಯನ್ನೇ ಕೂಗಿ.

ಧಾರವಾಡದ ಅಕ್ಕ: ತಮ್ಮಾ, ಆ 13.42 ಪೂರ್ತಿ ಮಲಪ್ರಭೆಗಲ್ಲ. ಅದರಲ್ಲಿ 8.02 ವಿದ್ಯುತ್ತಿಗೆ. ಮಲಪ್ರಭೆಗೆ ತಿರುಗಿಸಲು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.90 ಟಿಎಂಸಿ. ನಾವು ಕೇಳಿದ್ದು 7.56. 13.42 ಅಂತ ಕೂಗಿದರೆ ‘ಅಷ್ಟು ಸಿಕ್ಕಿದೆಯಲ್ಲ’ ಅಂತ ನಮ್ಮ ಬಾಯಿ ಮುಚ್ಚಿಸುತ್ತಾರೆ. 3.90 ಹೇಳುವುದಿದ್ದರೆ ಚರಣದಲ್ಲಿ ಒಬ್ಬರೇ ಹೇಳಲಿ. ಪಲ್ಲವಿಯಲ್ಲಿ ದಶಾಂಶ ನಾಲಿಗೆಗೆ ತೊಡಕು.

ನವಲಗುಂದದ ಹುಡುಗ: ಅಕ್ಕಾ, 2015ರಲ್ಲಿ ನರಗುಂದದಲ್ಲಿ ಧರಣಿ ಕೂತವರು 3.90 ಅಂದರೆ ಒಪ್ಪುತ್ತಾರಾ? ಅದನ್ನು ಹಾಡಿದರೆ ನಾವೇ ಕಡಿಮೆಗೆ ಸಹಿ ಹಾಕಿದಂತೆ.

ಧಾರವಾಡದ ಅಕ್ಕ: ಬಂದಿದ್ದೇ 3.90. ಅದೂ ಇನ್ನೂ ಹರಿದಿಲ್ಲ ಅನ್ನೋದನ್ನು ಜನಕ್ಕೆ ಮುಚ್ಚಿಡೋದು ಸರಿನಾ?

ಗದಗ ಮಂದಿ: ನನಗೆ 7.56 ಬಿಟ್ಟು ಬೇರೇನೂ ಹಾಡಲು ಮನಸ್ಸಿಲ್ಲ.

ಹಲಗೆ ಅಣ್ಣ: ಅಂಕಿ ನೀವು ತೀರ್ಮಾನಿಸಿ. ಹಲಗೆ ಮಾತ್ರ ನಡುವೆ ಇರಲಿ.